ಗ್ರಾಮಿಗೆ ಇನ್ನೂರ ಮೂವತ್ತೆಂಟು

ಸುಬ್ಬಕೃಷ್ಣ ಮೂವತ್ತೊಂದು ವರ್ಷ ತುಮಕೂರಿನ ಒಂದೇ ಪತ್ರಿಕೆಯಲ್ಲಿ ಪ್ರೂಫು ತಿದ್ದಿದ. ನಾಲ್ಕು ಪುಟದ ಸಂಜೆ ಪತ್ರಿಕೆ ಅದು. ಮಧ್ಯಾಹ್ನ ಎರಡಕ್ಕೆ ಅಚ್ಚಾಗಿ, ನಾಲ್ಕರ ಬಸ್ಸುಗಳಲ್ಲಿ ಗುಬ್ಬಿಗೂ ಕುಣಿಗಲ್ಲಿಗೂ ಹೋಗುತ್ತಿತ್ತು. ಬೇರೆಯವರ ತಪ್ಪು ಹುಡುಕಿ ಹುಡುಕಿ ಅವನ ಕತ್ತು ಸ್ವಲ್ಪ ಎಡಕ್ಕೆ ವಾಲಿಬಿಟ್ಟಿತ್ತು. ದೇವಸ್ಥಾನದಲ್ಲಿ ಪಂಚಾಂಗದ ಹಾಳೆ ಕಂಡರೂ ಜೇಬಿನ ಪೆನ್ನಿಗೆ ಕೈ ಹೋಗುತ್ತಿತ್ತು. ಹೆಂಡತಿ ಕೌಸಲ್ಯ, "ಇವರಿಗೆ ಸಾರಿನಲ್ಲಿ ಉಪ್ಪು ಕಮ್ಮಿಯಾದ್ರೆ ಗೊತ್ತಾಗಲ್ಲ, ಸಾರಿಗೆ ದೀರ್ಘ ಬಿಟ್ಟಿದ್ರೆ ಗೊತ್ತಾಗತ್ತೆ" ಎಂದು ನಗುತ್ತಿದ್ದಳು.

ಅಂಥವನು ಜೀವನದಲ್ಲಿ ತಾನೇ ಒಂದು ತಪ್ಪು ಮಾಡಿದ. ಅಕ್ಷರದ್ದಲ್ಲ, ಅಂಕಿಯದು. ಅದನ್ನು ತಿದ್ದಲು ಹೋದದ್ದೇ ಅವನ ಕಥೆ.

ಸಾವಿರದ ಒಂಬೈನೂರ ಎಂಬತ್ತರ ಜನವರಿ. ಆ ತಿಂಗಳು ಚಿನ್ನದ ಬೆಲೆಗೆ ದೆವ್ವ ಹಿಡಿದಿತ್ತು. ಲಂಡನ್ನಿನಲ್ಲಿ ದಿನಕ್ಕೊಂದು ದರ. ಇಪ್ಪತ್ತೆರಡನೇ ತಾರೀಖು ಮಂಗಳವಾರ ಬೆಳಿಗ್ಗೆ ರೇಡಿಯೋ ಹೇಳಿತು: ಔನ್ಸಿಗೆ ಎಂಟುನೂರ ಐವತ್ತು ಡಾಲರ್. ಪತ್ರಿಕೆಯ ಒಡೆಯರೂ ಸಂಪಾದಕರೂ ಆಗಿದ್ದ ಪಟ್ಟಾಭಿರಾಮಯ್ಯನವರು ಹೋಟೆಲಿನಿಂದ ಕಾಫಿ ಕುಡಿದು ಬಂದವರೇ ನೇರವಾಗಿ ಸುಬ್ಬಕೃಷ್ಣನ ಮೇಜಿಗೆ ಬಂದರು.

"ಸುಬ್ಬು, ಹೋಟೆಲಲ್ಲಿ ಎಲ್ಲ ಇದೇ ಮಾತು ಕಣಯ್ಯ. ಡಾಲರು ಔನ್ಸು ಅಂದ್ರೆ ನಮ್ಮವರಿಗೆ ಏನು ತಿಳಿಯತ್ತೆ? ಗ್ರಾಮಿಗೆ ಎಷ್ಟು ರೂಪಾಯಿ ಅಂತ ಲೆಕ್ಕ ಹಾಕು. ಬಾಕ್ಸ್ ಕಟ್ಟಿ ಮೊದಲನೇ ಪುಟದಲ್ಲಿ ಹಾಕೋಣ."

"ನಾನಾ ಸಾರ್? ನಾನು ಪ್ರೂಫು..."

"ಇನ್ನು ಯಾರು? ನಿನಗಿಂತ ತಪ್ಪಿಲ್ಲದವನು ಈ ಆಫೀಸಲ್ಲಿ ಯಾರಿದಾರೆ?"

ಸುಬ್ಬಕೃಷ್ಣನಿಗೆ ಒಳಗೊಳಗೇ ಹಿಗ್ಗಾಯಿತು. ಲೆಕ್ಕ ದೊಡ್ಡದೇನಲ್ಲ. ಡಾಲರಿನ ಬೆಲೆ ಬೆಂಗಳೂರಿನ ಇಂಗ್ಲಿಷ್ ಪೇಪರಿನಲ್ಲಿ ಇತ್ತು, ಏಳು ರೂಪಾಯಿ ತೊಂಬತ್ತೈದು ಪೈಸೆ. ಎಂಟುನೂರ ಐವತ್ತನ್ನು ಅದರಿಂದ ಗುಣಿಸಿದರೆ ಒಂದು ಔನ್ಸಿಗೆ ಆರು ಸಾವಿರದ ಏಳುನೂರ ಐವತ್ತೇಳೂವರೆ ರೂಪಾಯಿ. ಇನ್ನು ಔನ್ಸಿನಲ್ಲಿ ಎಷ್ಟು ಗ್ರಾಂ ಎಂದು ತಿಳಿದರೆ ಭಾಗಿಸಿದರಾಯಿತು. ಮೇಜಿನ ಖಾನೆಯಲ್ಲಿ ಮಗಳ ಹಳೆಯ ನೋಟ್‌ಬುಕ್ಕೊಂದಿತ್ತು. ಅದರ ಹಿಂದಿನ ರಟ್ಟಿನ ಮೇಲೆ ಮಗ್ಗಿ, ಮಗ್ಗಿಯ ಕೆಳಗೆ ಅಳತೆ ತೂಕದ ಪಟ್ಟಿ. ಅಲ್ಲಿ ಅಚ್ಚಾಗಿತ್ತು: ಒಂದು ಔನ್ಸ್, ಇಪ್ಪತ್ತೆಂಟು ಪಾಯಿಂಟ್ ಮೂರು ಐದು ಗ್ರಾಂ. ಅಚ್ಚಾದದ್ದನ್ನು ಅನುಮಾನಿಸುವುದೇ ಅವನ ಕೆಲಸ. ಆದರೆ ಅವತ್ತು ಅನುಮಾನಿಸಲಿಲ್ಲ. ಭಾಗಿಸಿದ. ಇನ್ನೂರ ಮೂವತ್ತೆಂಟು ರೂಪಾಯಿ, ಮೂವತ್ತಾರು ಪೈಸೆ. ಎರಡು ಸಲ ಭಾಗಿಸಿ ನೋಡಿದ, ಅಷ್ಟೇ ಬಂತು.

"ಪೈಸೆ ಬಿಟ್ಹಾಕು, ಬಾಕ್ಸ್ ಚಿಕ್ಕದು" ಎಂದರು ಪಟ್ಟಾಭಿರಾಮಯ್ಯ.

ಹೀಗೆ ಅಚ್ಚುಮೊಳೆ ಜೋಡಿಸಿದರು: "ಚಿನ್ನಕ್ಕೆ ಚಿನ್ನದ ಬೆಲೆ! ಗ್ರಾಮಿಗೆ ರೂ. ೨೩೮." ಲಂಡನ್ ಎಂಬ ಮಾತು ಕೆಳಗಿನ ಸಣ್ಣ ಅಕ್ಷರದಲ್ಲಿ ಉಳಿಯಿತು. ಪ್ರೂಫನ್ನು ಸುಬ್ಬಕೃಷ್ಣನೇ ನೋಡಿ ಸರಿಯೆಂದು ಸಹಿ ಹಾಕಿದ.

ಆ ಸಂಜೆ ಪತ್ರಿಕೆ ಬಸ್ಸಿನಲ್ಲಿ ಗುಬ್ಬಿಗೆ ಹೋಗುವ ಹೊತ್ತಿಗೇ ಲಂಡನ್ನಿನಲ್ಲಿ ಬೆಲೆ ನೂರು ಡಾಲರಿಗೂ ಮಿಕ್ಕಿ ಜಾರಿತ್ತು. ಅದು ಇಲ್ಲಿಗೆ ತಿಳಿದದ್ದು ಮಾರನೇ ಬೆಳಿಗ್ಗೆ. ಬಾಕ್ಸಿನ ಜಾಗದಲ್ಲಿ ಅವತ್ತು ಕೊಬ್ಬರಿ ದರ ಬಂತು. ಸುಬ್ಬಕೃಷ್ಣ ಮರೆತ.

ಗುಬ್ಬಿಯಲ್ಲಿ ಒಬ್ಬರು ಮರೆಯಲಿಲ್ಲ.

ಫೆಬ್ರವರಿ ಹನ್ನೊಂದು, ಸೋಮವಾರ. ಪ್ರೆಸ್ಸಿನ ಬಾಗಿಲಲ್ಲಿ ಐವತ್ತು ದಾಟಿದ ಹೆಂಗಸೊಬ್ಬಳು ಚಪ್ಪಲಿ ಬಿಟ್ಟು ಒಳಗೆ ಬಂದಳು, ದೇವಸ್ಥಾನಕ್ಕೆ ಬಂದ ಹಾಗೆ. ಹಣೆಯಲ್ಲಿ ವಿಭೂತಿ, ಬೆರಳ ತುದಿಯೆಲ್ಲ ಎಲೆಯ ಕರೆ. ಸೆರಗಿನ ಗಂಟು ಬಿಚ್ಚಿ, ನಾಲ್ಕಾಗಿ ಮಡಿಸಿದ ಕಾಗದದ ತುಂಡು ತೆಗೆದು ಮೇಜಿನ ಮೇಲೆ ಇಟ್ಟಳು.

"ಇದು ಬರೆದೋರು ಯಾರು ಸ್ವಾಮಿ?"

ಸುಬ್ಬಕೃಷ್ಣ ಬಾಕ್ಸ್ ನೋಡಿದ. "ನಾನೇ ಅಮ್ಮ. ಕೂತ್ಕೊಳ್ಳಿ."

"ನೀವೇಯಾ! ಸದ್ಯ, ಸಿಕ್ಕಿದ್ರಲ್ಲ. ಈ ರೇಟು ಕೊಡೋ ಅಂಗಡಿ ಯಾವ್ದು, ಒಸಿ ಹೇಳ್ಬುಡಿ. ನಂಗೆ ಶುಕ್ರವಾರದೊಳಗೆ ಕೆಲಸ ಆಗ್ಬೇಕು."

ಅವಳ ಹೆಸರು ಭದ್ರಮ್ಮ. ಗಂಡ ಹೋಗಿ ಹನ್ನೆರಡು ವರ್ಷ. ಗುಬ್ಬಿಯಲ್ಲಿ ಬಾಡಿಗೆ ಮನೆ, ಎರಡು ಅಂಕಣದ್ದು. ಮುಂದಿನ ಅಂಕಣದಲ್ಲಿ ಮುತ್ತುಗದ ಎಲೆ ಹಚ್ಚಿ ಊಟದೆಲೆ ಮಾಡಿ, ನೂರರ ಕಟ್ಟು ಕಟ್ಟಿ ಮದುವೆ ಮನೆಗಳಿಗೆ ಕೊಡುತ್ತಿದ್ದಳು. ಎಲೆ ಒಣಗಿಸುವುದಕ್ಕೆ ಆ ಮನೆಯ ಜಗಲಿಯಂಥ ಜಗಲಿ ಇನ್ನೊಂದಿರಲಿಲ್ಲ. ಬಿಸಿಲು ಬೀಳುತ್ತದೆ, ಗಾಳಿ ಬೀಸುವುದಿಲ್ಲ. ಮನೆಯ ಒಡೆಯ ವೆಂಕಟರಂಗಯ್ಯ ಅದನ್ನು ಮಾರಲು ನಿಂತಿದ್ದ. ಒಂಬತ್ತೂವರೆ ಸಾವಿರ. "ನೀನು ಹಳಬಳು, ನಿಂಗೇ ಮೊದ್ಲು ಕೇಳ್ತೀನಿ. ಐದು ಸಾವಿರ ಮುಂಗಡ ಕೊಡು, ಮಿಕ್ಕಿದ್ದು ಎರಡು ವರ್ಷದಲ್ಲಿ ತೀರ್ಸು" ಎಂದಿದ್ದ. ಶಿವರಾತ್ರಿ ಆದ ಮೇಲಿನ ಅಮಾವಾಸ್ಯೆ ಸೂರ್ಯಗ್ರಹಣ. ಅದಕ್ಕೆ ಮುಂಚೆ ಕೊಡಬೇಕು, ಇಲ್ಲದಿದ್ದರೆ ತಿಪಟೂರಿನ ಕೊಬ್ಬರಿ ಮಂಡಿಯವರೊಬ್ಬರಿಗೆ ಮಾತು ಕೊಡುತ್ತೇನೆ ಎಂದೂ ಹೇಳಿದ್ದ.

ಭದ್ರಮ್ಮನಿಗೆ ಅತ್ತೆ ಕೊಟ್ಟ ಎರಡೆಳೆ ಸರವಿತ್ತು. ಐದು ಸವರನ್ನು, ಅಂದರೆ ನಲವತ್ತು ಗ್ರಾಂ. ಗುಬ್ಬಿಯ ಚಿನ್ನದಂಗಡಿಯವರು ತೂಗಿ, ಒರೆಹಚ್ಚಿ ನೋಡಿ, ಗ್ರಾಮಿಗೆ ನೂರ ಇಪ್ಪತ್ತೈದು ಎಂದಿದ್ದರು. ಸರಿಯಾಗಿ ಐದು ಸಾವಿರ. ಜನವರಿ ಇಪ್ಪತ್ತಮೂರರ ಬುಧವಾರ ಕೊಟ್ಟು ಹಣ ತರುವುದೆಂದು ನಿಶ್ಚಯಿಸಿದ್ದಳು. ಎಲೆ ಕಟ್ಟು ಸುತ್ತಲು ಅವಳು ಹಳೆಯ ಪೇಪರು ತೂಕಕ್ಕೆ ಕೊಳ್ಳುವವಳು, ಓದುವುದು ಕೂಡಿಸಿ ಕೂಡಿಸಿ, ಆದರೆ ಅಂಕಿ ಚೆನ್ನಾಗಿ ಬರುತ್ತಿತ್ತು. ಆ ಮಂಗಳವಾರ ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಹೊಸ ಪೇಪರಿನ ಮೊದಲನೇ ಪುಟದಲ್ಲೇ ಕಣ್ಣಿಗೆ ಬಿತ್ತು, ಗ್ರಾಮಿಗೆ ಇನ್ನೂರ ಮೂವತ್ತೆಂಟು.

"ಬೆರಳಲ್ಲಿ ಎಣಿಸ್ದೆ ಸ್ವಾಮಿ. ನಲವತ್ತು ಗ್ರಾಮಿಗೆ ಎಷ್ಟಾಯ್ತದೆ ಹೇಳಿ?"

ಸುಬ್ಬಕೃಷ್ಣ ಮನಸ್ಸಿನಲ್ಲೇ ಗುಣಿಸಿದ. "ಒಂಬತ್ತು ಸಾವಿರದ ಐನೂರ ಇಪ್ಪತ್ತು."

"ಹ್ಞಾಂ! ಮನೆಗೆ ಒಂಬತ್ತೂವರೆ. ಮಿಕ್ಕಿದ್ದು ಇಪ್ಪತ್ತು ರೂಪಾಯಿ. ಅದು ಯಡಿಯೂರು ಸಿದ್ಧಲಿಂಗಪ್ಪಂದು. ಅಷ್ಟು ಸರಿಯಾಗಿ ಮನುಷ್ಯರು ಲೆಕ್ಕ ಹಾಕೋಕೆ ಆಯ್ತದಾ? ಅವನೇ ಹಾಕಿ ನಿಮ್ಮ ಕೈಲಿ ಬರೆಸವ್ನೆ." ಅವಳು ಕಾಗದಕ್ಕೆ ಕೈ ಮುಗಿದಳು. "ಅಂಗಡಿ ಶೆಟ್ರು ಮಾತ್ರ, ಲಂಡನ್ ರೇಟು ಬೇಕಂದ್ರೆ ಲಂಡನ್ನಿಗೇ ಹೋಗಮ್ಮ, ಗುಬ್ಬಿಯಿಂದ ಬಸ್ ಅದೆಯಾ ಕೇಳು ಅಂತ ನಗ್ತಾರೆ. ಮೂರು ಅಂಗಡಿ ಆಯ್ತು. ಎಲ್ಲಾರೂ ಅದೇ ನೂರ ಇಪ್ಪತ್ತೈದು. ಒಬ್ಬೊಂಟಿ ಹೆಂಗ್ಸು ಅಂತ ಮಾತಾಡ್ಕೊಂಡವ್ರೆ."

ಸುಬ್ಬಕೃಷ್ಣ ಬಾಕ್ಸನ್ನು ಮತ್ತೊಮ್ಮೆ ಓದಿದ. ಅಂಗಡಿಯಲ್ಲಿ ಕೊಡುವುದಕ್ಕೂ ತಾನು ಬರೆದದ್ದಕ್ಕೂ ಇಷ್ಟು ಅಂತರ ಹೇಗೆ? ಪಕ್ಕದ ಚಿಕ್ಕಪೇಟೆಯಲ್ಲಿ ಬ್ಯಾಂಕಿನ ಒಡವೆಗಳನ್ನು ಪರೀಕ್ಷೆ ಮಾಡಿಕೊಡುವ ಮುದುಕರು, ಸಿದ್ಧಾಚಾರ್ರು ಇದ್ದರು. ಭದ್ರಮ್ಮನನ್ನು ಅಲ್ಲಿಗೇ ಕರೆದುಕೊಂಡು ಹೋದ.

ಸಿದ್ಧಾಚಾರ್ರು ಸರ ನೋಡಿ, "ಒಳ್ಳೆ ಮಾಲು, ಇಪ್ಪತ್ತೆರಡು ಕ್ಯಾರೆಟ್ಟು" ಎಂದರು. ಬಾಕ್ಸ್ ನೋಡಿ ಕನ್ನಡಕ ಮೇಲಕ್ಕೆ ಸರಿಸಿದರು.

"ಸುಬ್ಬಣ್ಣ, ಔನ್ಸಿಗೆ ಎಷ್ಟು ಗ್ರಾಂ ಹಿಡಿದ್ರಿ?"

"ಇಪ್ಪತ್ತೆಂಟು ಮೂವತ್ತೈದು."

"ಅದು ಟೀ ಪುಡಿ ತೂಗೋ ಔನ್ಸು ಕಣ್ರಪ್ಪ! ಚಿನ್ನ ಬೆಳ್ಳಿಗೆ ಬೇರೆ. ಟ್ರಾಯ್ ಔನ್ಸು ಅಂತಾರೆ. ಮೂವತ್ತೊಂದು ಗ್ರಾಮಿನ ಮೇಲೆ ಒಂದು ಚೂರು." ಪೆಟ್ಟಿಗೆಯ ತಳದಿಂದ ಹಳೆಯ ಡೈರಿ ತೆಗೆದು ತೋರಿಸಿದರು. ಮೂವತ್ತೊಂದು ಪಾಯಿಂಟ್ ಒಂದು ಸೊನ್ನೆ ಮೂರು ಐದು.

ಸುಬ್ಬಕೃಷ್ಣ ಅಲ್ಲೇ ಸ್ಲೇಟು ತೆಗೆದುಕೊಂಡ. ಅದೇ ಆರು ಸಾವಿರದ ಏಳುನೂರ ಐವತ್ತೇಳೂವರೆ ರೂಪಾಯಿ, ಆದರೆ ಹಂಚಬೇಕಾದ ಗ್ರಾಮು ಮೂರು ಹತ್ತಿರ ಹೆಚ್ಚು. ಇನ್ನೂರ ಹದಿನೇಳು ರೂಪಾಯಿ ಇಪ್ಪತ್ತಾರು ಪೈಸೆ ಬಂತು. ಗ್ರಾಮಿಗೆ ಇಪ್ಪತ್ತೊಂದು ರೂಪಾಯಿ ಅವನು ಗಾಳಿಯಿಂದ ಹುಟ್ಟಿಸಿ ಬರೆದಿದ್ದ.

"ಇನ್ನೂ ಇದೆ" ಎಂದರು ಆಚಾರ್ರು, ನಿಧಾನವಾಗಿ, ನೋವಾಗದಂತೆ ಮುಳ್ಳು ತೆಗೆಯುವವರ ಹಾಗೆ. "ಇದು ಅಪರಂಜಿ ಬೆಲೆ. ಈಯಮ್ಮನ ಸರದಲ್ಲಿ ಇಪ್ಪತ್ತನಾಲ್ಕು ಭಾಗಕ್ಕೆ ಇಪ್ಪತ್ತೆರಡು ಭಾಗ ಚಿನ್ನ. ಇಪ್ಪತ್ತನಾಲ್ಕರಿಂದ ಭಾಗಿಸಿ ಇಪ್ಪತ್ತೆರಡರಿಂದ ಗುಣಿಸಿ."

ನೂರ ತೊಂಬತ್ತೊಂಬತ್ತು.

"ಅದನ್ನೂ ಇಲ್ಲಿ ಯಾರೂ ಕೊಡಲ್ಲ. ಯಾಕೆ ಹೇಳಿ? ನಮ್ಮ ದೇಶದ ಚಿನ್ನ ಆಚೆ ಹೋಗೋ ಹಂಗಿಲ್ಲ, ಆಚೇದು ಒಳಗೆ ಬರೋ ಹಂಗಿಲ್ಲ. ಸರ್ಕಾರ ಬಾಗಿಲು ಹಾಕಿದೆ. ಎರಡು ಕೆರೆ, ನಡುವೆ ಏರಿ. ಆ ಕೆರೆಗೆ ಒಂದಿನ ನೀರು ಉಕ್ಕಿದ್ರೆ ಈ ಕೆರೆ ಏರತ್ತಾ? ಇಲ್ಲಿ ಬೊಂಬಾಯಿ ರೇಟು. ಅದರಲ್ಲಿ ಹಳೇ ಒಡವೆ ಅಂತ ಅಂಗಡಿಯವರು ಸ್ವಲ್ಪ ಹಿಡೀತಾರೆ. ನೂರ ಇಪ್ಪತ್ತೈದು ನ್ಯಾಯವಾದ ಬೆಲೆ ತಾಯಿ. ಕೊಟ್ಬಿಡಿ."

ಭದ್ರಮ್ಮ ಇಬ್ಬರ ಮುಖವನ್ನೂ ನೋಡಿದಳು. ಸರವನ್ನು ಮತ್ತೆ ಕೊರಳಿಗೆ ಹಾಕಿ ಸೆರಗು ಮುಚ್ಚಿಕೊಂಡಳು.

"ಇವ್ರೂ ಅಂಗಡಿ ಕಡೆಯೋರೇ" ಎಂದಳು ಬೀದಿಗೆ ಬಂದ ಮೇಲೆ.

"ಅಲ್ಲಮ್ಮ, ತಪ್ಪು ನಂದೇ. ನಾನು ಔನ್ಸು ತಪ್ಪು ಹಿಡಿದೆ."

"ನೀವು ಒಳ್ಳೇರು, ಅವ್ರು ಹೇಳಿದ್ಕೆ ಹೆದ್ರುಕೊಂಡ್ರಿ. ಅಚ್ಚಾದ್ಮೇಲೆ ಸುಳ್ಳಾಯ್ತದಾ ಸ್ವಾಮಿ? ತಪ್ಪಿದ್ರೆ ಮಾರನೇ ದಿನ ತಪ್ಪಾಯ್ತು ಅಂತ ಹಾಕ್ತಿರ್ಲಿಲ್ವಾ? ಇಪ್ಪತ್ತು ದಿವ್ಸದಿಂದ ದಿನಾ ಪೇಪರ್ ನೋಡ್ತಿದೀನಿ. ಯಾರೂ ಹಾಕ್ನಿಲ್ಲ."

ಲಂಡನ್ನಿನಲ್ಲೂ ಈಗ ಆ ಬೆಲೆ ಇಲ್ಲ, ಬಹಳ ಇಳಿದಿದೆ ಎಂದ ಸುಬ್ಬಕೃಷ್ಣ. "ಇಳಿದಿದ್ದು ಹತ್ತದೆ ಇರ್ತದಾ" ಎಂದಳು. ಬಸ್ಸು ಹತ್ತುವಾಗ, "ಅಚ್ಚಲ್ಲಿ ತಪ್ಪು ಅಂತ ಬಂದ್ರೆ ಆವಾಗ ನಂಬ್ತೀನಿ, ಹೋಗಿ" ಎಂದು ಅವನನ್ನೇ ಸಮಾಧಾನ ಮಾಡಿದಳು.

ಸುಬ್ಬಕೃಷ್ಣ ನೇರವಾಗಿ ಪಟ್ಟಾಭಿರಾಮಯ್ಯನವರ ಎದುರು ನಿಂತ. ಮೂರೇ ಸಾಲಿನ ತಿದ್ದುಪಡಿ, ನಾಳೆಯೇ ಹಾಕಬೇಕು ಎಂದ.

"ಇಪ್ಪತ್ತು ದಿನ ಆದ ಮೇಲೆ ತಿದ್ದುಪಡಿಯೇ? ಯಾರಿಗೂ ಜ್ಞಾಪಕ ಇಲ್ಲದ್ದನ್ನ ನಾವೇ ಎಬ್ಬಿಸೋದಾ?"

"ಒಬ್ಬರಿಗೆ ಇದೆ ಸಾರ್. ಆಕೆಗೆ ಮನೆ ಹೋಗತ್ತೆ."

ಪಟ್ಟಾಭಿರಾಮಯ್ಯ ಕೆಟ್ಟವರಲ್ಲ. ಕೇಳಿ ಪೇಚಾಡಿಕೊಂಡರು. ಆದರೆ ಮಂಗಳವಾರ, ಬುಧವಾರದ ಪುಟಗಳಲ್ಲಿ ಶಿವರಾತ್ರಿ ವಿಶೇಷಾಂಕದ ಜಾಹೀರಾತುಗಳು ತುಂಬಿ ಕುಳಿತಿದ್ದವು, ಗುರುವಾರ ಹಬ್ಬದ ರಜೆ, ಜಾಗರಣೆಯ ಮಾರನೇ ದಿನ ಶುಕ್ರವಾರವೂ ಪತ್ರಿಕೆಯಿಲ್ಲ. "ಶನಿವಾರ ಖಂಡಿತ. ನನ್ನ ಮಾತು" ಎಂದರು. ಶನಿವಾರವೇ ಗ್ರಹಣ. ಭದ್ರಮ್ಮನ ಗಡುವು ಶುಕ್ರವಾರಕ್ಕೆ ಮುಗಿಯುತ್ತಿತ್ತು. ಎಷ್ಟು ಹೇಳಿದರೂ ಅವರ ತಲೆ ಜಾಹೀರಾತಿನ ಕಡೆಗೇ ತಿರುಗುತ್ತಿತ್ತು.

ಆ ರಾತ್ರಿ ಅವನು ಊಟ ಬಿಟ್ಟ. "ನಮ್ಮನೇಲಿ ಒಂದು ಗುಂಜಿ ಚಿನ್ನ ಇಲ್ಲ, ಆದರೂ ಚಿನ್ನ ನಿಮ್ಮ ನಿದ್ದೆ ಕೆಡಿಸ್ತಲ್ಲಾ" ಎಂದಳು ಕೌಸಲ್ಯ. ಮತ್ತೆ ಸ್ವಲ್ಪ ಹೊತ್ತಿಗೆ, "ಅಚ್ಚಲ್ಲಿ ತೋರಿಸಿದ್ರೆ ನಂಬ್ತಾಳೆ ಅಂದ್ಳಲ್ಲ. ಶನಿವಾರದ್ದನ್ನ ನೀವೇ ಮುಂಚೆ ಅಚ್ಚು ಹಾಕ್ಕೊಂಡು ಹೋಗೋಕಾಗಲ್ವಾ?" ಎಂದಳು.

ಅವನಿಗೆ ಹೊಳೆಯದ ದಾರಿ ಅದು. ಬುಧವಾರ ಮೊಳೆ ಜೋಡಿಸುವವರನ್ನು ಕಾಡಿ ಬೇಡಿ ಆ ಮೂರು ಸಾಲಿಗೆ ಮೊಳೆ ಹಾಕಿಸಿದ. "ತಿದ್ದುಪಡಿ. ಜನವರಿ ಇಪ್ಪತ್ತೆರಡರ ಸಂಚಿಕೆಯಲ್ಲಿ ಚಿನ್ನದ ಬೆಲೆಯ ಲೆಕ್ಕ ತಪ್ಪಾಗಿದೆ. ಚಿನ್ನದ ಔನ್ಸಿಗೆ ೩೧.೧ ಗ್ರಾಂ. ಅಂದಿನ ಲಂಡನ್ ಬೆಲೆ ಗ್ರಾಮಿಗೆ ರೂ. ೨೧೭, ಇದು ಸ್ಥಳೀಯ ಅಂಗಡಿಗಳ ದರವಲ್ಲ. ವಿಷಾದಿಸುತ್ತೇವೆ." ಶಾಯಿ ಹಚ್ಚಿ, ಒದ್ದೆ ಕಾಗದವಿಟ್ಟು ಒತ್ತಿ ಪ್ರೂಫು ತೆಗೆದ. ಅವನ ಕೈಗೆ ಎಷ್ಟೋ ಸಾವಿರ ಪ್ರೂಫು ಬಂದಿದ್ದವು. ಅದೊಂದನ್ನು ಮಾತ್ರ ಮಗುವನ್ನು ಹಿಡಿದ ಹಾಗೆ ಎರಡೂ ಕೈಯಲ್ಲಿ ಹಿಡಿದು ಒಣಗಿಸಿದ.

ಗುರುವಾರ ಶಿವರಾತ್ರಿ. ಮೊದಲ ಬಸ್ಸಿಗೇ ಗುಬ್ಬಿಗೆ ಹೋದ. ಭದ್ರಮ್ಮ ಉಪವಾಸವಿದ್ದಳು. ಜಗಲಿಯ ತುಂಬ ಎಲೆ ಹರಡಿದ್ದವು. ಮಡಿಲಲ್ಲಿ ಕಡ್ಡಿ ಇಟ್ಟುಕೊಂಡು, ಮಾತಾಡುತ್ತಲೇ ಎಲೆಗೆ ಎಲೆ ಹಚ್ಚುತ್ತಿದ್ದಳು.

"ಬನ್ನಿ ಸ್ವಾಮಿ! ಹಬ್ಬದ ದಿವ್ಸ ನಮ್ಮ ಮನೆಗೆ ಬಂದ್ರಿ. ಅಂಗಡಿ ಸಿಕ್ತಾ?"

ಅವನು ಪ್ರೂಫು ಕೊಟ್ಟ. "ಅಚ್ಚಲ್ಲಿ ಬಂದ್ರೆ ನಂಬ್ತೀನಿ ಅಂದಿರಲ್ಲ. ಓದಿ."

ಭದ್ರಮ್ಮ ಎಲೆ ಕೆಳಗಿಟ್ಟು, ಕೈ ಒರೆಸಿಕೊಂಡು, ಕೂಡಿಸಿ ಕೂಡಿಸಿ ಮೂರು ಸಾಲೂ ಓದಿದಳು. ಅವಳ ಮುಖ ಸಣ್ಣಗಾಯಿತು. ಅವಳು ಕಾಗದವನ್ನು ತಿರುಗಿಸಿದಳು. ಹಿಂದೆ ಬಿಳಿ. ಮತ್ತೆ ಮುಂದಕ್ಕೆ ತಿರುಗಿಸಿದಳು, ಮತ್ತೆ ಹಿಂದಕ್ಕೆ. ಬೆಳಕಿಗೆ ಹಿಡಿದಳು. ಮುಖ ಮತ್ತೆ ಅರಳಿತು.

"ಇದು ಪೇಪರಲ್ಲ ಸ್ವಾಮಿ."

"ನಮ್ಮ ಪ್ರೆಸ್ಸಿನದೇ ಅಮ್ಮ, ಅದೇ ಮೊಳೆ..."

"ಹನ್ನೆರಡು ವರ್ಷದಿಂದ ಪೇಪರು ಸುತ್ತಿ ಎಲೆ ಮಾರೋಳು ನಾನು. ಮಣಗಟ್ಲೆ ನೋಡಿದೀನಿ. ಪೇಪರಿಗೆ ಎರಡು ಮಗ್ಗುಲೂ ಅಚ್ಚಿರ್ತದೆ. ಇದು ಒಂದೇ ಮಗ್ಗುಲು." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಕನಿಕರವಿತ್ತು. "ನಂಗೋಸ್ಕರ ಮಾಡಿಸ್ಕೊಂಡು ಬಂದಿದೀರ. ಅಂಗಡಿಯೋರು ನಿಮ್ಮನ್ನೂ ಹಿಡ್ಕೊಂಡವ್ರಾ?"

"ನನ್ನಾಣೆ ಅಮ್ಮ. ಆ ಸಿದ್ಧಲಿಂಗೇಶ್ವರನಾಣೆ. ಇವತ್ತೇ ಸರ ಕೊಟ್ಟುಬಿಡಿ, ನಾನೇ ಜೊತೆಗೆ ಬರ್ತೀನಿ. ಐದು ಸಾವಿರಕ್ಕೆ ಮನೆ ಉಳಿಯತ್ತೆ."

"ಬುಡ್ತು ಅನ್ನಿ! ಉಪವಾಸದ ದಿವ್ಸ ಅವನ ಆಣೆ ಇಡ್ಬ್ಯಾಡಿ" ಎಂದು ಅವಳು ಗಲ್ಲ ಬಡಿದುಕೊಂಡಳು. "ಇಪ್ಪತ್ತು ರೂಪಾಯಿ ಅವಂಗೆ ಅಂತ ಮನಸಲ್ಲಿ ಎತ್ತಿಟ್ಟಿದೀನಿ. ಈಗ ನೂರ ಇಪ್ಪತ್ತೈದಕ್ಕೆ ಕೊಟ್ರೆ ಅವನ ಲೆಕ್ಕ ನಂಬ್ದೆ ಹೋದಂಗೆ ಆಯ್ತದೆ. ನೀವು ಕುತ್ಕಳಿ, ಹಣ್ಣು ತಿಂದ್ಕಂಡು ಹೋಗಿ."

ಅವಳು ಕೊಟ್ಟ ಬಾಳೆಹಣ್ಣು ಕೈಯಲ್ಲಿ ಹಿಡಿದು ಅವನು ವೆಂಕಟರಂಗಯ್ಯನ ಮನೆ ಹುಡುಕಿಕೊಂಡು ಹೋದ. ಒಂದೇ ವಾರ, ಪತ್ರಿಕೆಯಲ್ಲಿ ಸರಿಯಾಗಿ ಬರುವತನಕ ಎಂದು ಕೇಳಿಕೊಂಡ. ವೆಂಕಟರಂಗಯ್ಯ ಕಂಬಳಿ ಹಾಸಿ ಕೂರಿಸಿ, ಎಲ್ಲ ಕೇಳಿದ.

"ನಾನೇನು ಮಾಡ್ಲಿ ಹೇಳಿ ಬುದ್ಧಿ. ಸಂಕ್ರಾಂತಿಯಿಂದ ಬಾಯಿ ಬಡ್ಕತಾ ಇದೀನಿ. ನನ್ನ ಮಗಳ ಮನೆ ಕಟ್ಟೋದು ನಿಂತದೆ. ಆವಮ್ಮ ದುಡ್ಡು ಕೊರಳಲ್ಲೇ ಹಾಕ್ಕೊಂಡು, ಪೇಪರ್ ನೋಡು ಅಂತಾಳೆ. ಇಂಥ ಪೇಪರ್ ಬರ್ದೋನು ಸಿಕ್ಕಿದ್ರೆ ಎರಡು ಬಿಡೋಣ ಅಂತಿದ್ದೆ." ಎದುರಿಗಿದ್ದವನೇ ಅವನೆಂದು ಹೊಳೆದು ವೆಂಕಟರಂಗಯ್ಯ ತಲೆ ತಗ್ಗಿಸಿದ. "ನಾಳೆ ಸಾಯಂಕಾಲದವರ್ಗೂ ನೋಡ್ತೀನಿ. ಅಷ್ಟೇಯ."

ಶುಕ್ರವಾರ ಸಂಜೆ ಕಳೆಯಿತು. ಶನಿವಾರ ತಿದ್ದುಪಡಿ ಅಚ್ಚಾಯಿತು, ಎರಡೂ ಮಗ್ಗುಲು ಅಚ್ಚಿದ್ದ ನಿಜವಾದ ಪತ್ರಿಕೆಯಲ್ಲಿ, ನಾಲ್ಕನೇ ಪುಟದ ಕೆಳಗೆ. ಅವತ್ತು ಮಧ್ಯಾಹ್ನದ ಮೇಲೆ ಗ್ರಹಣ. ತುಮಕೂರಿನ ಬೀದಿಯಲ್ಲಿ ಒಂದು ನಾಯಿಯೂ ಇರಲಿಲ್ಲ. ಜನ ಬಾಗಿಲು ಹಾಕಿ, ನೀರಿಗೆ ದರ್ಭೆ ಹಾಕಿ ಕುಳಿತರು. ಗುಬ್ಬಿಗೆ ಹೋದ ಬಸ್ಸು ಖಾಲಿ ಹೋಯಿತು, ಪತ್ರಿಕೆಯ ಕಟ್ಟು ಬಿಚ್ಚದೆಯೇ ಭಾನುವಾರ ವಾಪಸು ಬಂತು. ಸುಬ್ಬಕೃಷ್ಣ ಆ ಕಟ್ಟನ್ನು ಮುಟ್ಟಿ ನೋಡಿ ಮೂಲೆಗಿಟ್ಟ.

ಮನೆ ತಿಪಟೂರಿನವರಿಗೆ ಆಯಿತು. ಮಾರ್ಚಿನಲ್ಲಿ ಲಂಡನ್ನಿನ ಬೆಲೆ ಐನೂರು ಡಾಲರಿಗೂ ಕೆಳಗೆ ಬಿತ್ತು. ಯುಗಾದಿ ಕಳೆದ ಮೇಲೆ ಪತ್ರಿಕೆ ಹಂಚುವವನಿಂದ ತಿಳಿಯಿತು: ಭದ್ರಮ್ಮ ಕುಣಿಗಲ್ಲಿಗೆ ತಂಗಿ ತಿಪ್ಪಮ್ಮನ ಮನೆಗೆ ಹೋದಳಂತೆ. ಅಲ್ಲಿ ಹಿತ್ತಲಿನಲ್ಲಿ ಎಲೆ ಹಚ್ಚುತ್ತಾಳಂತೆ, ಆದರೆ ಅಲ್ಲಿ ಗಾಳಿ, ಅರ್ಧ ಎಲೆ ಹಾರಿಹೋಗುತ್ತವಂತೆ. ಸರ ಮಾತ್ರ ಮಾರಿಲ್ಲವಂತೆ.

ಅಂದಿನಿಂದ ಸುಬ್ಬಕೃಷ್ಣನಿಗೆ ಒಂದು ಅಭ್ಯಾಸ ಅಂಟಿತು. ಪ್ರತಿ ವರ್ಷ ಹೊಸ ಡೈರಿಯ ಮೊದಲ ಪುಟದಲ್ಲಿ ಶ್ರೀ ಬರೆದು, ಅದರ ಕೆಳಗೆ ೩೧.೧೦೩೫ ಎಂದು ಬರೆಯುವುದು. ದಿನವೂ ಬೆಳಿಗ್ಗೆ ಡಾಲರಿನ ದರದಿಂದ ಔನ್ಸಿನ ಬೆಲೆಯನ್ನು ಗುಣಿಸಿ, ಆ ೩೧.೧೦೩೫ರಿಂದ ಭಾಗಿಸಿ, ಅಪರಂಜಿಗೆ ಇಷ್ಟು, ಇಪ್ಪತ್ತೆರಡಕ್ಕೆ ಇಷ್ಟು ಎಂದು ಗುರುತು ಹಾಕುವುದು. ಯಾರೂ ಕೇಳುತ್ತಿರಲಿಲ್ಲ. ಪತ್ರಿಕೆಯಲ್ಲೂ ಹಾಕುತ್ತಿರಲಿಲ್ಲ. ಕೆಲವರು ಸ್ನಾನವಾದ ಮೇಲೆ ನಾಮ ಜಪ ಮಾಡುವಂತೆ ಅವನು ಭಾಗಾಕಾರ ಮಾಡುತ್ತಿದ್ದ. ಎರಡು ಸಲ ಕುಣಿಗಲ್ಲಿಗೆ ಹೋಗಿ, ಬಸ್‌ಸ್ಟ್ಯಾಂಡಿನಿಂದಲೇ ವಾಪಸು ಬಂದ. ಹೋಗಿ ಏನು ಹೇಳಬೇಕೆಂದು ತಿಳಿಯಲಿಲ್ಲ.

ಎಂಬತ್ತೇಳರ ಡಿಸೆಂಬರ್. ಸುಬ್ಬಕೃಷ್ಣನ ಕಣ್ಣು ಮಂಜಾಗುತ್ತ ಬಂದಿತ್ತು, ಬರುವ ವರ್ಷ ಕೆಲಸ ಬಿಡುವವನಿದ್ದ. ಪ್ರೆಸ್ಸಿನ ಬಾಗಿಲಲ್ಲಿ ಯಾರೋ ಚಪ್ಪಲಿ ಬಿಟ್ಟರು. ಆ ಬಿಡುವ ರೀತಿಯಿಂದಲೇ ಅವನಿಗೆ ಗೊತ್ತಾಯಿತು.

ಭದ್ರಮ್ಮ ಮುದುಕಿಯಾಗಿದ್ದಳು. ಕೊರಳು ಬರಿದಾಗಿತ್ತು. ಮುಖ ಮಾತ್ರ ಹೊಳೆಯುತ್ತಿತ್ತು.

"ಕೊಟ್ಬುಟ್ಟೆ ಸ್ವಾಮಿ!" ಎಂದಳು ಕೂರುವ ಮುಂಚೆಯೇ. "ಮೊನ್ನೆ ಸ್ವಾಮಾರ ಕುಣಿಗಲ್ ಅಂಗಡೀಲಿ. ಗ್ರಾಮಿಗೆ ಎಷ್ಟು ಗೊತ್ತಾ? ಇನ್ನೂರ ಮೂವತ್ತೆಂಟು! ಒಂದು ರೂಪಾಯಿ ಹೆಚ್ಚಿಲ್ಲ, ಒಂದು ರೂಪಾಯಿ ಕಮ್ಮಿಯಿಲ್ಲ. ಎಂಟು ವರ್ಷದಿಂದ ಹಬ್ಬಕ್ಕೊಂದ್ಸಲ ಹೋಗಿ ಕೇಳ್ತಿದ್ದೆ. ಶೆಟ್ರೇ ಆಡ್ಕೊಂಡು ನಗೋರು, ಬಂತಾ ಅಜ್ಜಿ ನಿನ್ನ ಪೇಪರ್ ರೇಟು ಅಂತ. ಬಂತು ನೋಡಿ."

ಸುಬ್ಬಕೃಷ್ಣನ ಎದುರು ಡೈರಿ ತೆರೆದೇ ಇತ್ತು. ಅವತ್ತಿನ ಲೆಕ್ಕ ಬೆಳಿಗ್ಗೆಯೇ ಮುಗಿಸಿದ್ದ. ಲಂಡನ್ನಿನಲ್ಲಿ ಔನ್ಸಿಗೆ ನಾನೂರ ಎಂಬತ್ತೈದು ಡಾಲರ್, ಡಾಲರಿಗೆ ಹನ್ನೆರಡು ರೂಪಾಯಿ ತೊಂಬತ್ತು ಪೈಸೆ, ಅಪರಂಜಿ ಗ್ರಾಮಿಗೆ ಇನ್ನೂರ ಒಂದು. ಈಗ ಈ ಕೆರೆಯ ನೀರೇ ಎತ್ತರದಲ್ಲಿತ್ತು. ಲಂಡನ್ನಿಗಿಂತ ಕುಣಿಗಲ್ಲಿನಲ್ಲೇ ಚಿನ್ನಕ್ಕೆ ಹೆಚ್ಚು. ಆ ಇನ್ನೂರ ಮೂವತ್ತೆಂಟಕ್ಕೂ ತನ್ನ ಇನ್ನೂರ ಮೂವತ್ತೆಂಟಕ್ಕೂ ಯಾವ ಸಂಬಂಧವೂ ಇರಲಿಲ್ಲ.

"ಮನೆ?" ಎಂದು ಕೇಳಿದ.

"ಹೋಗಿ ಕೇಳ್ದೆ. ನಲವತ್ತೈದು ಸಾವಿರ ಅಂತೆ ಈಗ." ಅವಳು ನಕ್ಕಳು. "ಜಗಲಿಗೆ ಗ್ರಿಲ್ ಹಾಕ್ಸವ್ರೆ, ಎಲೆ ಒಣಗ್ಸೋಕೆ ಆಗಕಿಲ್ಲ, ಬುಡಿ. ತಿಪ್ಪಮ್ಮನ ಹಿತ್ತಲಲ್ಲಿ ಶೀಟು ಹಾಕಿ ಒಂದು ರೂಮು ಮಾಡಿಸ್ಕತೀನಿ. ಒಂಬತ್ತೂವರೆ ಸಾವಿರಕ್ಕೆ ಅಷ್ಟಾಯ್ತದೆ. ಇಪ್ಪತ್ತು ರೂಪಾಯಿ ನಿನ್ನೆ ಯಡಿಯೂರಲ್ಲಿ ಹುಂಡಿಗೆ ಹಾಕಿ ಬಂದೆ. ಅವಂದು ಅವಂಗೆ ಸೇರ್ತು."

"ಭದ್ರಮ್ಮನೋರೆ, ನಾನು ಅವತ್ತು ಬರೆದದ್ದು..."

"ಅದನ್ನ ಹೇಳಾನ ಅಂತಾನೇ ಬಂದೆ ಕಣಪ್ಪ" ಎಂದು ಅವಳು ಮಾತು ತುಂಡರಿಸಿದಳು. ಮೊದಲ ಸಲ ಅವನನ್ನು ಸ್ವಾಮಿ ಅನ್ನದೆ ಅಪ್ಪ ಅಂದಳು. "ಅವತ್ತು ಶಿವರಾತ್ರಿ ದಿವ್ಸ ನಿಮ್ಮ ಮುಖ ನೋಡಿದ್ದೆ. ಪಾಪ, ಇಷ್ಟು ವರ್ಷ ತಪ್ಪು ಬರ್ದೆ ತಪ್ಪು ಬರ್ದೆ ಅಂತ ಕೊರಗಿರ್ತೀರ ಅನ್ನುಸ್ತು. ನೀವು ತಪ್ಪು ಬರೆದಿರ್ಲಿಲ್ಲ. ಒಸಿ ಮುಂಚೆ ಬರೆದ್ರಿ, ಅಷ್ಟೇಯ."

ಸೆರಗಿನ ಗಂಟಿನಿಂದ ವಿಭೂತಿಯ ಪೊಟ್ಟಣ, ಒಂದು ಹೋಳು ಕಾಯಿ, ಆಮೇಲೆ ನಾಲ್ಕಾಗಿ ಮಡಿಸಿದ ಹಳದಿ ಕಾಗದ ತೆಗೆದು ಮೇಜಿನ ಮೇಲಿಟ್ಟಳು. "ಸಿದ್ಧಲಿಂಗಪ್ಪನ ಪಟದ ಹಿಂದೆ ಇಟ್ಟಿದ್ದೆ. ಕೆಲಸ ಆಯ್ತಲ್ಲ. ನೀವೇ ಮಡಿಕ್ಕಳಿ."

ಸುಬ್ಬಕೃಷ್ಣ ಬಾಯಿ ತೆರೆದ. ಮೂವತ್ತೊಂದು ಪಾಯಿಂಟ್ ಒಂದು ಸೊನ್ನೆ ಮೂರು ಐದು, ಎಂಟು ವರ್ಷ ದಿನಾ ಬರೆದ ಅಂಕಿ, ನಾಲಿಗೆಯ ತುದಿಯಲ್ಲಿತ್ತು. ಅವಳು ಕೈ ಮುಗಿದುಕೊಂಡು ಅವನನ್ನೇ ನೋಡುತ್ತಿದ್ದಳು. ಅವನು ವಿಭೂತಿ ಬಿಚ್ಚಿ ಹಣೆಗೆ ಹಚ್ಚಿಕೊಂಡ.

ಅವಳು ಹೋದ ಮೇಲೆ ಕಾಗದ ಬಿಡಿಸಿದ. ಮುಂದೆ ಅವನ ಬಾಕ್ಸ್, ಹಿಂದೆ ಯಾವುದೋ ಸೀರೆ ಅಂಗಡಿಯ ಜಾಹೀರಾತು. ಎರಡು ಮಗ್ಗುಲೂ ಅಚ್ಚು. ಕೈ ತಾನಾಗಿ ಜೇಬಿನ ಪೆನ್ನಿಗೆ ಹೋಯಿತು. ೨೩೮ರ ಪಕ್ಕದಲ್ಲಿ ತಿದ್ದುವ ಗುರುತು ಹಾಕಲು ಬೇಕಾದಷ್ಟು ಜಾಗವಿತ್ತು. ಬಹಳ ಹೊತ್ತು ಪೆನ್ನು ಹಿಡಿದು ಕುಳಿತಿದ್ದು, ಕೊನೆಗೆ ಅದನ್ನು ಮೊದಲಿನಂತೆಯೇ ನಾಲ್ಕಾಗಿ ಮಡಿಸಿ ಡೈರಿಯೊಳಗೆ ಇಟ್ಟ.